ಗಣಿತ, ವಿಜ್ಞಾನ ಬಿಟ್ಟು ಹತ್ತನೇ ಕ್ಲಾಸ್ ಮುಗಿಸೋದು: ಓಪನ್ ಸ್ಕೂಲಾ, ಹಳೇ ಬೋರ್ಡೇ ಸರಿಯಾ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲಿ ಫೇಲಾದಳು. ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ಪಾಸು. ಆಮೇಲೆ ಸ್ಕೂಲ್ ಕಡೆ ತಲೆ ಹಾಕಲಿಲ್ಲ, ಗಾರ್ಮೆಂಟ್ಸ್ ಸೇರಿಕೊಂಡಳು. ಈಗ 22 ವರ್ಷ. ಸೂಪರ್‌ವೈಸರ್ ಕೆಲಸಕ್ಕೆ ಹತ್ತನೇ ಕ್ಲಾಸ್ ಪಾಸ್ ಕೇಳ್ತಿದ್ದಾರೆ, ಹಾಗಾಗಿ ಈಗ ಅವಳೇ ಬರೆಯಬೇಕು ಅಂತಿದ್ದಾಳೆ. ಯಾರೋ ಎನ್‌ಐಒಎಸ್ ಅನ್ನೋ ಓಪನ್ ಸ್ಕೂಲ್ ಬೋರ್ಡ್ ಇದೆ ಅಂದ್ರು, ಅದರಲ್ಲಿ ಗಣಿತ, ವಿಜ್ಞಾನ ತಗೊಳ್ಳದೇ ಪಾಸಾಗಬಹುದಂತೆ. ನಿಜವಾ? ಅನುಭವ ಇರೋರು ಒಳ್ಳೇದು ಕೆಟ್ಟದ್ದು ಎರಡೂ ಹೇಳಿ.

ಬುಲೆಟ್ ಬಸ್ಯ
ಕಣ್ಣು ಮುಚ್ಕೊಂಡು ಸೇರಿಸಿ ಅಣ್ಣ. ಪಾಸಾಗಿರೋ ನಾಲ್ಕೂ ಸಬ್ಜೆಕ್ಟ್ ಅಲ್ಲಿಗೆ ಟ್ರಾನ್ಸ್‌ಫರ್ ಆಗುತ್ತೆ. ಅಲ್ಲಿ ಒಟ್ಟು ಐದೇ ಸಬ್ಜೆಕ್ಟ್ ಬೇಕಾಗಿರೋದು, ಸೋ ಒಂದೇ ಒಂದು ಬರೆದ್ರೆ ಸರ್ಟಿಫಿಕೇಟ್ ಕೈಗೆ. ಎಕ್ಸಾಮೂ ಯಾವಾಗ ಬೇಕಾದ್ರೂ ಬರೀಬಹುದು. ನನ್ನ ಫ್ರೆಂಡ್ ಹಾಗೇ ಮಾಡ್ದ.

ಕೇಂದ್ರದ ಮೇಷ್ಟ್ರು
ಬಸ್ಯ ಅವರು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಎನ್‌ಐಒಎಸ್ ಮಾನ್ಯತೆಯ ಅಧ್ಯಯನ ಕೇಂದ್ರವೊಂದರಲ್ಲಿ ಬಹಳ ವರ್ಷ ಪಾಠ ಮಾಡಿದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಐದು ವಿಷಯ ಸಾಕು ಅನ್ನೋದು ನಿಜ. ಅದರಲ್ಲಿ ಒಂದು ಭಾಷೆ ಇರಲೇಬೇಕು, ಹೆಚ್ಚೆಂದರೆ ಎರಡು ಭಾಷೆ. ಗಣಿತ, ವಿಜ್ಞಾನ ಕಡ್ಡಾಯ ಅಲ್ಲ ಅನ್ನೋದೂ ನಿಜ. ಆದರೆ ಬೇರೆ ಬೋರ್ಡಿನಲ್ಲಿ ಫೇಲಾಗಿ ಬಂದವರಿಗೆ ಪಾಸಾದ ವಿಷಯಗಳಲ್ಲಿ ಎರಡನ್ನು ಮಾತ್ರ ವರ್ಗಾಯಿಸಿಕೊಡುತ್ತಾರೆ. ನಾಲ್ಕು ಅನ್ನೋದು ಎನ್‌ಐಒಎಸ್‌ನಲ್ಲೇ ಐದು ವರ್ಷ ನೋಂದಣಿ ಮುಗಿದು, ಮತ್ತೆ ಹೊಸದಾಗಿ ಸೇರುವ ಹಳೇ ವಿದ್ಯಾರ್ಥಿಗಳಿಗೆ. ನಿಮ್ಮ ಫ್ರೆಂಡ್ ಬಹುಶಃ ಆ ಲೆಕ್ಕದವರು.

ಹಾಗಾದರೆ ನಿಮ್ಮ ತಂಗಿಯ ಲೆಕ್ಕ ನೋಡೋಣ. ಎರಡು ವಿಷಯ ವರ್ಗಾವಣೆ ಆದರೆ ಉಳಿಯೋದು ಮೂರು. ಇಲ್ಲಿ ಅನೇಕರು ಎಡವುತ್ತಾರೆ. ಕನ್ನಡ, ಇಂಗ್ಲಿಷ್ ಎರಡನ್ನೂ ವರ್ಗಾಯಿಸಿಕೊಂಡರೆ ಭಾಷೆಯ ಕೋಟಾ ಅಲ್ಲಿಗೆ ಮುಗೀತು. ಉಳಿದ ಮೂರೂ ಭಾಷೆಯಲ್ಲದ ವಿಷಯವೇ ಆಗಬೇಕು, ಪಾಸಾಗಿದ್ದ ಸಮಾಜ ವಿಜ್ಞಾನವೂ ವರ್ಗಾವಣೆ ಇಲ್ಲದೆ ಕೈ ಬಿಟ್ಟು ಹೋಗುತ್ತೆ. ಅದರ ಬದಲು ಇಂಗ್ಲಿಷ್ ಮತ್ತು ಸಮಾಜ ವರ್ಗಾಯಿಸಿಕೊಂಡರೆ, ಬರೆಯೋ ಮೂರರಲ್ಲಿ ಒಂದು ಕನ್ನಡವೇ ಆಗಬಹುದು. ಉಳಿದ ಎರಡಕ್ಕೆ ಗೃಹ ವಿಜ್ಞಾನ, ವ್ಯವಹಾರ ಅಧ್ಯಯನ, ಚಿತ್ರಕಲೆ, ಮನೋವಿಜ್ಞಾನ, ಡೇಟಾ ಎಂಟ್ರಿ ಹೀಗೆ ಆಯ್ಕೆ ಇದೆ. ಕೆಲಸಕ್ಕೆ ಹೋಗುವ ಹುಡುಗಿಗೆ ಇದು ದೊಡ್ಡ ವ್ಯತ್ಯಾಸ.

ಆದರೆ ಮೊದಲ ಪ್ರಶ್ನೆ ಅದಲ್ಲ. ಹತ್ತನೇ ಕ್ಲಾಸ್ ಆದ ಮೇಲೆ ಅವಳು ಏನು ಮಾಡಬೇಕು ಅಂತಿದ್ದಾಳೆ?

ರಾತ್ರಿಪಾಳಿ
ಸದ್ಯಕ್ಕೆ ಸೂಪರ್‌ವೈಸರ್ ಅಷ್ಟೇ ಸರ್. ಆದರೆ ಮೊನ್ನೆ ಫ್ಯಾಷನ್ ಡಿಸೈನ್ ಡಿಪ್ಲೊಮಾ ಅಂತೇನೋ ಮಾತಾಡ್ತಿದ್ದಳು. ಗಟ್ಟಿಯಾಗಿ ಗೊತ್ತಿಲ್ಲ ಅವಳಿಗೇ.

ಅಂಚೆ ಪದವಿ
ನನ್ನದೂ ದೂರಶಿಕ್ಷಣದ ಬಿಎ. ಇದು ಸರ್ಕಾರಿ ಕೆಲಸಕ್ಕೆ ನಡೆಯುತ್ತಾ? ಬಿಎಡ್ ಮಾಡಬಹುದಾ? ಗೊತ್ತಿರೋರು ತಿಳಿಸಿ.

ಸುಮ್ನೆ ಸುಮ
ಅಂಚೆ ಅವರೇ, ಇಲ್ಲಿ ಹತ್ತನೇ ಕ್ಲಾಸ್ ಮಾತು ನಡೀತಿದೆ, ಡಿಗ್ರಿದು ಬೇರೆ ಕಡೆ ಕೇಳಿ.

ರಾತ್ರಿಪಾಳಿ ಅಣ್ಣ, ನಾನು ಮದುವೆ ಆಗಿ ಎರಡು ಮಕ್ಕಳಾದ ಮೇಲೆ ಎನ್‌ಐಒಎಸ್‌ನಲ್ಲಿ ಹತ್ತನೇದು ಮುಗಿಸಿದವಳು. ಒಂಬತ್ತಕ್ಕೇ ಬಿಡಿಸಿದ್ರು ನನ್ನ, ಹಾಗಾಗಿ ವರ್ಗಾಯಿಸೋಕೆ ಏನೂ ಇರಲಿಲ್ಲ, ಐದೂ ಹೊಸದಾಗಿ ಬರೆದೆ. ನನಗೆ ಉಪಕಾರ ಆಗಿದ್ದು ಒಂದೇ ಒಂದು ವಿಷಯ: ಐದನ್ನೂ ಒಟ್ಟಿಗೇ ಬರೀಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಒಂದು. ಮೊದಲ ಸಲ ಎರಡೇ ಬರೆದೆ, ಒಂದು ಪಾಸು ಒಂದು ಫೇಲು. ಪಾಸಾಗಿದ್ದು ಹಾಗೇ ಉಳೀತು, ಅದನ್ನ ಮತ್ತೆ ಬರೀಬೇಕಾಗಿಲ್ಲ. ಮನೆಯಲ್ಲಿ ಬಾಣಂತನ ಅಂತ ಒಂದು ಸಲ ಪರೀಕ್ಷೆನೇ ಬಿಟ್ಟೆ, ಆದರೂ ಏನೂ ಕಳ್ಕೊಳ್ಳಲಿಲ್ಲ. ಮಾಮೂಲಿ ಸ್ಕೂಲಾಗಿದ್ರೆ ಅಲ್ಲಿಗೇ ಕಥೆ ಮುಗೀತಿತ್ತು.

ಕೆಟ್ಟದ್ದೂ ಹೇಳ್ತೀನಿ. ನನಗೆ ಕೊಟ್ಟ ಕೇಂದ್ರದಲ್ಲಿ ಭಾನುವಾರದ ಕ್ಲಾಸ್ ಅಂತ ಇತ್ತು. ಹೋದ್ರೆ ರಿಜಿಸ್ಟರ್‌ಗೆ ಸಹಿ ಹಾಕಿಸ್ಕೊಂಡು ಕಳಿಸೋರು. ಪಾಠ ಮಾಡೋ ಮೇಷ್ಟ್ರು ಬಂದಿದ್ದೇ ಅಪರೂಪ. ಅಸೈನ್‌ಮೆಂಟ್ ಬರೆದು ಕೊಟ್ರೆ ನಂಬರ್ ಬರ್ತಿತ್ತು, ಎಲ್ಲಿ ತಪ್ಪಾಗಿದೆ ಅಂತ ಒಂದು ಸಾಲೂ ಇಲ್ಲ. ಪುಸ್ತಕ ಓದಿ ಅರ್ಥ ಆಗದೇ ಇದ್ರೆ ಕೇಳೋಕೆ ಯಾರೂ ಇಲ್ಲ ಅನ್ನೋದು ನಿಜವಾದ ಕಷ್ಟ. ನನಗೆ ಪಕ್ಕದ ಮನೆ ಹುಡುಗಿ ಹೇಳ್ಕೊಟ್ಟಳು. ಟಿವಿಯ ಸ್ವಯಂ ಪ್ರಭ ಚಾನೆಲ್ ಪಾಠಗಳೂ ಸ್ವಲ್ಪ ಸಹಾಯ ಆಯ್ತು, ಆದ್ರೆ ಹಿಂದಿ ಇಂಗ್ಲಿಷ್ ಬಂದ್ರೆ ಮಾತ್ರ.

ಕೇಂದ್ರದ ಮೇಷ್ಟ್ರು
ಸುಮಮ್ಮ ಹೇಳಿದ ಕೇಂದ್ರದ ಕಥೆ ಅಪರೂಪದ್ದೇನಲ್ಲ, ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಮಾತು. ಸೇರುವ ಮೊದಲು ಕೇಂದ್ರಕ್ಕೆ ಒಂದು ಭಾನುವಾರ ಸುಮ್ಮನೆ ಹೋಗಿ ನಿಂತು ನೋಡಿ. ಬೋರ್ಡಿನ ಮೇಲೆ ಏನಾದರೂ ಬರೆದಿದೆಯಾ, ಯಾರಾದರೂ ಪ್ರಶ್ನೆ ಕೇಳ್ತಿದ್ದಾರಾ, ಅಷ್ಟರಲ್ಲೇ ಗೊತ್ತಾಗುತ್ತೆ. ಸೇರುವಾಗ ಕೇಂದ್ರವನ್ನು ನೀವೇ ಆರಿಸೋದು, ಹಾಗಾಗಿ ಹತ್ತಿರದ್ದು ಅಂತ ಟಿಕ್ ಮಾಡಬೇಡಿ.

ಈಗ ಅಸೈನ್‌ಮೆಂಟ್ ವಿಚಾರ. ಅದನ್ನ ಟಿಎಂಎ ಅಂತೀವಿ. ನಾನು ನೋಡಿದ ಹಾಗೆ ಜನ ಬಿಟ್ಟು ಹೋಗೋದು ಪರೀಕ್ಷೆಯಲ್ಲಿ ಫೇಲಾಗಿ ಅಲ್ಲ. ಅಡ್ಮಿಷನ್ ಆಗುತ್ತೆ, ಪುಸ್ತಕ ಬರುತ್ತೆ, ಮೊದಲನೇ ಟಿಎಂಎ ಬರೆಯೋದರೊಳಗೆ ಮಾಯ. ಸ್ಕೂಲಲ್ಲಿ ಮೇಷ್ಟ್ರು "ಎಲ್ಲಿ, ಪುಸ್ತಕ ತೋರಿಸು" ಅಂತಾರೆ. ಇಲ್ಲಿ ಕೇಳೋರಿಲ್ಲ. ಐದು ವರ್ಷ ನೋಂದಣಿ ಇರುತ್ತೆ, ಒಂಬತ್ತು ಸಲ ಪರೀಕ್ಷೆ ಬರೆಯೋ ಅವಕಾಶ ಇರುತ್ತೆ. ಅಷ್ಟೊಂದು ಸಮಯ ಇದೆ ಅಂತಲೇ ಯಾವತ್ತೂ ಶುರು ಆಗಲ್ಲ. ಸುಮಮ್ಮನಿಗೆ ಅನುಕೂಲವಾದ ಅದೇ ನಿಯಮ ನನ್ನ ಎಷ್ಟೋ ವಿದ್ಯಾರ್ಥಿಗಳನ್ನು ಮುಳುಗಿಸಿದೆ.

ಟಿಎಂಎಗೆ ಥಿಯರಿ ಅಂಕದ ಶೇ 20 ಪಾಲು ಇದೆ. ನೂರು ಅಂಕದ ಥಿಯರಿ ವಿಷಯ ಅಂದುಕೊಳ್ಳಿ. ಪಾಸಿಗೆ 33 ಬೇಕು. ಟಿಎಂಎ ಬಿಟ್ಟರೆ ಆ 20 ಸೊನ್ನೆ, ಉಳಿದ 80ರಲ್ಲೇ 33 ಎತ್ತಬೇಕು, ಅಂದರೆ ಪರೀಕ್ಷೆಯಲ್ಲಿ ಶೇ 41ರ ಮೇಲೆ. ದುಡಿದು ಬಂದು ರಾತ್ರಿ ಓದೋರಿಗೆ ಈ ಎಂಟು ಪರ್ಸೆಂಟೇ ಪಾಸು ಫೇಲಿನ ಗೆರೆ.

ಬುಲೆಟ್ ಬಸ್ಯ
ಟಿಎಂಎ ರೆಡಿಮೇಡ್ ಸಿಗುತ್ತೆ ಸರ್, ಪಿಡಿಎಫ್. ಯಾಕೆ ಟೆನ್ಷನ್.

ಕೇಂದ್ರದ ಮೇಷ್ಟ್ರು
ಸಿಗುತ್ತೆ, ಗೊತ್ತು. ಒಂದೇ ಕೇಂದ್ರದಿಂದ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ, ಅದೇ ಕಾಗುಣಿತದ ತಪ್ಪಿನ ಸಮೇತ, ಸಾಲಾಗಿ ಬರೋದನ್ನ ತಿದ್ದಿದವನು ನಾನು. ಒಂದು ಕಟ್ಟಿನಲ್ಲಿ "ನಿಮ್ಮ ಮನೆಯ ಹತ್ತಿರದ ಅಂಗಡಿಯೊಂದರ ವ್ಯವಹಾರ ವಿವರಿಸಿ" ಅನ್ನೋ ಪ್ರಶ್ನೆಗೆ ಎಲ್ಲರ ಮನೆ ಹತ್ತಿರವೂ ಒಂದೇ ಅಂಗಡಿ, ಮಾಲೀಕನ ಹೆಸರೂ ಒಂದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈಗ ಪಠ್ಯವನ್ನು ಎರಡು ಭಾಗ ಮಾಡಿದ್ದಾರೆ, ಸುಮಾರು ಶೇ 40ರಷ್ಟು ಪಾಠ ಟಿಎಂಎಗೆ, ಉಳಿದ ಶೇ 60 ಪಬ್ಲಿಕ್ ಪರೀಕ್ಷೆಗೆ. ಇದು ದುಡಿಯೋರಿಗೆ ದೊಡ್ಡ ಅನುಕೂಲ, ಪರೀಕ್ಷೆಗೆ ಓದೋ ಹೊರೆ ಇಳೀತು. ಆದರೆ ಟಿಎಂಎ ನಕಲು ಮಾಡಿದರೆ ಆ ಶೇ 40 ಪಾಠ ಅವರು ಯಾವತ್ತೂ ತೆರೆದೇ ನೋಡಲ್ಲ. ಮುಂದೆ ಪಿಯು ಮಟ್ಟಕ್ಕೆ ಹೋದಾಗ ಅದು ಕಾಡುತ್ತೆ.

ಸೀಮೆಸುಣ್ಣ
ನಾನು ಹೈಸ್ಕೂಲ್ ಶಿಕ್ಷಕಿ. ಮೇಷ್ಟ್ರು ಇಷ್ಟು ತಿಳಿದವರಾಗಿ ಒಂದು ಮಾತು ಹೇಳುತ್ತಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಇಪ್ಪತ್ತೆರಡರ ಹುಡುಗಿ ತಾನಾಗಿ ಸೇರುವುದು ಬೇರೆ, ಹದಿನಾಲ್ಕು ಹದಿನೈದರ ಮಗುವನ್ನು ನಾವೇ ಅಲ್ಲಿಗೆ ತಳ್ಳುವುದು ಬೇರೆ. ಎನ್‌ಐಒಎಸ್ ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, ಕನಿಷ್ಠ ವಯಸ್ಸು 14. ಹಾಗಾಗಿ ಒಂಬತ್ತರಲ್ಲಿ ಹಿಂದೆ ಬಿದ್ದ ಮಗುವಿನ ತಾಯಿಯನ್ನು ಕರೆಸಿ "ಇವನಿಗೆ ಇದು ಆಗಲ್ಲ, ಓಪನ್‌ಗೆ ಹಾಕಿ" ಅನ್ನುವುದು ಅನೇಕ ಶಾಲೆಗಳಿಗೆ ಸುಲಭದ ದಾರಿಯಾಗಿದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಫೆಬ್ರವರಿ ಬಂತೆಂದರೆ ಇದೇ ಕೆಲಸ. ನೂರಕ್ಕೆ ನೂರು ಫಲಿತಾಂಶ ಅಂತ ಬ್ಯಾನರ್ ಕಟ್ಟಬೇಕಲ್ಲ.

ದೆಹಲಿಯ ಸರ್ಕಾರಿ ಶಾಲೆಗಳಲ್ಲಂತೂ ಒಂಬತ್ತನೇ ತರಗತಿ ದಾಟದ ಮಕ್ಕಳನ್ನು ಎನ್‌ಐಒಎಸ್‌ಗೆ ಸೇರಿಸುವುದೇ ಒಂದು ಯೋಜನೆ. ಸ್ವಂತವಾಗಿ ಕೂತು ಓದುವುದು ಬರದೇ ಹಿಂದೆ ಬಿದ್ದ ಮಗುವಿಗೆ, ಸ್ವಂತವಾಗಿ ಕೂತು ಓದಿದರೆ ಮಾತ್ರ ನಡೆಯುವ ವ್ಯವಸ್ಥೆ ಕೊಟ್ಟರೆ ಹೇಗೆ?

ಕೇಂದ್ರದ ಮೇಷ್ಟ್ರು
ಮೇಡಂ, ನಿಮ್ಮ ಸಿಟ್ಟು ಸರಿ. ಆದರೆ ಹಾಗೆ ಹೊರಗೆ ಬಿದ್ದ ಮಗುವಿಗೆ ಓಪನ್ ಸ್ಕೂಲೂ ಇಲ್ಲದಿದ್ದರೆ ಏನಿತ್ತು? ಇದು ಹುಟ್ಟಿದ್ದೇ ಅಂಥವರಿಗಾಗಿ. 1979ರಲ್ಲಿ ಸಿಬಿಎಸ್‌ಇ ಒಂದು ಪ್ರಯೋಗವಾಗಿ ಶುರು ಮಾಡಿತು, 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು.

ದೂರಶಿಕ್ಷಣ ಅಂದ ಕೂಡಲೇ ಒಂಟಿಯಾಗಿ ಓದಬೇಕು ಅಂತೇನಿಲ್ಲ. ದಕ್ಷಿಣ ಕೊರಿಯಾದಲ್ಲಿ 1974ರಲ್ಲಿ ರೇಡಿಯೊ ಮತ್ತು ಅಂಚೆ ಹೈಸ್ಕೂಲ್ ಶುರುವಾದಾಗ, ಕಾರ್ಖಾನೆಯಲ್ಲಿ ದುಡಿಯೋ ಹುಡುಗ ಹುಡುಗಿಯರು ಎರಡು ವಾರಕ್ಕೊಮ್ಮೆ ಭಾನುವಾರ ಮಾಮೂಲಿ ಹೈಸ್ಕೂಲಿನ ಕೊಠಡಿಯಲ್ಲಿ, ಅದೇ ಶಾಲೆಯ ಮೇಷ್ಟರ ಮುಂದೆ ಕೂರುತ್ತಿದ್ದರು. ಮೆಕ್ಸಿಕೊದಲ್ಲಿ 1968ರಿಂದ ಟಿವಿ ಮೂಲಕ ಸೆಕೆಂಡರಿ ಪಾಠ, ಅಲ್ಲೂ ಟಿವಿ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಇರುತ್ತಾರೆ, ಮಕ್ಕಳು ದಿನಾ ಬರುತ್ತಾರೆ. ನಮ್ಮಲ್ಲೂ ಕಾಗದದ ಮೇಲೆ ಸಂಪರ್ಕ ತರಗತಿ ಇದೆ. ಸುಮಮ್ಮನ ಕೇಂದ್ರದಲ್ಲಿ ಸಹಿ ಮಾತ್ರ ನಡೀತು, ಅಷ್ಟೇ ವ್ಯತ್ಯಾಸ.

ಸೀಮೆಸುಣ್ಣ
"ಅಷ್ಟೇ ವ್ಯತ್ಯಾಸ" ಅಂದುಬಿಟ್ಟಿರಿ ನೀವು! ನನ್ನ ಪ್ರಕಾರ ಇರುವುದೆಲ್ಲ ಆ ವ್ಯತ್ಯಾಸವೇ. ಶಾಲೆಯೊಳಗೇ ಆ ಮಗುವಿಗೆ ಇನ್ನೊಂದು ವರ್ಷ ಕೊಡುವುದು ಒಳ್ಳೆಯದು. ಇದರಲ್ಲಿ ನಾನು ನಿಮ್ಮನ್ನು ಒಪ್ಪುವುದಿಲ್ಲ ಸರ್.

ಪಿಎಫ್ ಫಾರಂ
ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಕೆಲಸ ಕೊಡುವವರ ಕಡೆಯಿಂದ ಎರಡು ಮಾತು. ಎನ್‌ಐಒಎಸ್ ಸರ್ಟಿಫಿಕೇಟ್ ಅಂತ ನಾವು ಯಾರನ್ನೂ ವಾಪಸ್ ಕಳಿಸಲ್ಲ, ಅದು ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದ ಅಡಿಯ ಬೋರ್ಡು, ಡಿಜಿಲಾಕರ್‌ನಲ್ಲೇ ನೋಡಬಹುದು. ತೊಂದರೆ ಇರೋದು "ಓಪನ್ ಬೋರ್ಡ್" ಅಂತ ಹೆಸರಿಟ್ಟುಕೊಂಡ ನಕಲಿಗಳಲ್ಲಿ. ಹೆಸರು, ಲಾಂಛನ ಎಲ್ಲ ಸರ್ಕಾರಿ ಥರಾನೇ ಇರುತ್ತೆ.

ಗುರುತಿಸೋದು ಕಷ್ಟ ಅಲ್ಲ. ಒಂದು ತಿಂಗಳಲ್ಲಿ ಪಾಸ್ ಮಾಡಿಸ್ತೀವಿ ಅಂದ್ರೆ, ಪರೀಕ್ಷೆಗೆ ನೀವು ಬರೋದೇ ಬೇಡ ಅಂದ್ರೆ, ಯಾವ ವರ್ಷದ ಸರ್ಟಿಫಿಕೇಟ್ ಬೇಕು ಅಂತ ನಿಮ್ಮನ್ನೇ ಕೇಳಿದ್ರೆ, ಅಲ್ಲಿಂದ ಎದ್ದು ಬನ್ನಿ. ಹಳೇ ವರ್ಷದ ತಾರೀಕು ಹಾಕಿಸಿಕೊಂಡು ಬಂದು ವೆರಿಫಿಕೇಷನ್‌ನಲ್ಲಿ ಸಿಕ್ಕಿಬಿದ್ದ ಹುಡುಗನ್ನ ನೋಡಿದೀನಿ. ಕೆಲಸ ಹೋಯ್ತು, ಕೊಟ್ಟ ದುಡ್ಡೂ ಹೋಯ್ತು, ಹತ್ತನೇ ಕ್ಲಾಸೂ ಆಗಲಿಲ್ಲ.

ರಾತ್ರಿಪಾಳಿ
ಅಯ್ಯೋ, ನಮ್ಮ ಏರಿಯಾದಲ್ಲಿ ಒಬ್ಬ ಹೀಗೇ "ಎಲ್ಲಾ ನಾನೇ ನೋಡ್ಕೋತೀನಿ" ಅಂದಿದ್ದ. ಎನ್‌ಐಒಎಸ್ ಹೆಸರೇ ಹೇಳ್ದ ಆದ್ರೆ.

ಪಿಎಫ್ ಫಾರಂ
ಅಡ್ಮಿಷನ್ ಆನ್‌ಲೈನ್‌ನಲ್ಲಿ ನೀವೇ ಮಾಡಬಹುದು. ಅವನ ಕೈಯಲ್ಲಿ ಮಾಡಿಸಿದರೂ ಮೊಬೈಲ್ ನಂಬರ್, ಇಮೇಲ್ ನಿಮ್ಮ ತಂಗಿಯದ್ದೇ ಹಾಕಿಸಿ. ಏಜೆಂಟ್ ತನ್ನ ನಂಬರ್ ಹಾಕಿದ್ರೆ ಒಟಿಪಿ ಅವನಿಗೆ, ಲಾಗಿನ್ ಅವನಿಗೆ, ಆಮೇಲೆ ಹಾಲ್ ಟಿಕೆಟ್‌ಗೂ ಅವನ ಹಿಂದೆ ಅಲೀಬೇಕು.

ಸುಮ್ನೆ ಸುಮ
ಹಾಲ್ ಟಿಕೆಟ್ ಅಂದಾಗ ನೆನಪಾಯ್ತು. ಅಡ್ಮಿಷನ್ ಆದ ತಕ್ಷಣ ಪರೀಕ್ಷೆಗೂ ಹೆಸರು ಬಂದುಬಿಡುತ್ತೆ ಅಂದ್ಕೋಬೇಡಿ. ಪರೀಕ್ಷೆಗೆ ಬೇರೆ ಫಾರಂ, ಬೇರೆ ಫೀಸು, ಅದೂ ವಿಷಯಕ್ಕೆ ಇಷ್ಟು ಅಂತ. ಅದಕ್ಕೆ ತಿಂಗಳುಗಳ ಮುಂಚೆ ಕೊನೇ ದಿನ ಇರುತ್ತೆ. ನನ್ನ ಜೊತೆ ಸೇರಿದ್ದ ಒಬ್ಬಳು ವರ್ಷ ಪೂರ್ತಿ ಓದಿ, ಪರೀಕ್ಷೆ ವಾರ ಬಂದಾಗ ಹಾಲ್ ಟಿಕೆಟ್ ಹುಡುಕಿದಳು, ಫಾರಮ್ಮೇ ತುಂಬಿರಲಿಲ್ಲ. ಮುಂದಿನ ಸರದಿಗೆ ಬರಲೇ ಇಲ್ಲ ಅವಳು.

ಕೇಂದ್ರದ ಮೇಷ್ಟ್ರು
ಸರಿಯಾದ ಮಾತು. ಬಸ್ಯ ಹೇಳಿದ "ಯಾವಾಗ ಬೇಕಾದ್ರೂ" ಪರೀಕ್ಷೆಯೂ ಇದೆ, ಅದು ಆನ್ ಡಿಮ್ಯಾಂಡ್. ನೀವೇ ವಿಷಯ, ದಿನ ಆರಿಸಿ ಬರೆಯೋದು. ಪ್ರಶ್ನೆಪತ್ರಿಕೆ ಪ್ರಶ್ನೆಗಳ ಬ್ಯಾಂಕಿನಿಂದ ಕಂಪ್ಯೂಟರ್ ತೆಗೆದುಕೊಡುತ್ತೆ, ಪಕ್ಕದವರದ್ದೂ ನಿಮ್ಮದೂ ಬೇರೆ. ಆದರೆ ಪ್ರಾದೇಶಿಕ ಕೇಂದ್ರದಂಥ ಕೆಲವೇ ಜಾಗಗಳಲ್ಲಿ ನಡೆಯುತ್ತೆ, ದೂರದವರಿಗೆ ರಜೆ ಹಾಕಿ ಹೋಗಿಬರೋದೇ ಒಂದು ಕೆಲಸ.

ಈಗ ರಾತ್ರಿಪಾಳಿಯವರ ಮೂಲ ಪ್ರಶ್ನೆಗೆ ಬರ್ತೀನಿ. ತಂಗಿಗೆ ಸೂಪರ್‌ವೈಸರ್ ಕೆಲಸ ಅಷ್ಟೇ ಸಾಕು, ಗಣಿತ ಕಂಡರಾಗಲ್ಲ ಅಂದರೆ ಎನ್‌ಐಒಎಸ್ ಸರಿ. ಎರಡು ವರ್ಗಾವಣೆ, ಮೂರು ಹೊಸ ವಿಷಯ. ಒಂದು ಪರೀಕ್ಷೆಗೆ ಎರಡು, ಮುಂದಿನದಕ್ಕೆ ಒಂದು ಅಂತ ಇಟ್ಟುಕೊಂಡರೆ ಕೆಲಸದ ಜೊತೆ ತೂಗಿಸಬಹುದು.

ಆದರೆ ಡಿಪ್ಲೊಮಾ ಆಸೆ ನಿಜವಾಗಿದ್ದರೆ ಮೊದಲು ಆ ಕೋರ್ಸಿನ ಅರ್ಹತೆ ಓದಿ. ಪಾಲಿಟೆಕ್ನಿಕ್ ಡಿಪ್ಲೊಮಾಗಳಿಗೆ ಹತ್ತರಲ್ಲಿ ಗಣಿತ, ವಿಜ್ಞಾನ ಕೇಳುತ್ತಾರೆ, ಐಟಿಐನ ಹಲವು ಟ್ರೇಡುಗಳಿಗೂ ಅಷ್ಟೇ. ಗೃಹ ವಿಜ್ಞಾನ, ಚಿತ್ರಕಲೆ ತಗೊಂಡು ಪಾಸಾದವರು ಎರಡು ವರ್ಷ ಬಿಟ್ಟು ಅರ್ಜಿ ಹಿಡಿದು ಬಂದು, "ಹತ್ತನೇ ಕ್ಲಾಸ್ ಪಾಸ್ ಅಲ್ವಾ ಸರ್, ಯಾಕೆ ಆಗಲ್ಲ?" ಅಂತ ಕೇಳ್ತಾರೆ. ಸರ್ಟಿಫಿಕೇಟ್ ಅಪ್ಪಟವೇ, ವಿಷಯ ಇಲ್ಲ.

ಗಣಿತ, ವಿಜ್ಞಾನ ಬರೆಯಲೇಬೇಕು ಅಂದಾಗ ಲೆಕ್ಕ ತಿರುಗುತ್ತೆ. ಎನ್‌ಐಒಎಸ್‌ನಲ್ಲಿ ಆ ಎರಡರ ಜೊತೆ ಇನ್ನೊಂದು ಸೇರಿ ಮೂರು ಬರೀಬೇಕು. ಹಳೇ ಬೋರ್ಡಿನಲ್ಲಿ ಫೇಲಾದ ಎರಡನ್ನೇ ಮರುಪರೀಕ್ಷೆಯಲ್ಲಿ ಬರೆದರೆ ಮುಗೀತು. ಅಂಥವರಿಗೆ ನಾನೇ ನಮ್ಮ ಕೇಂದ್ರಕ್ಕೆ ಸೇರಬೇಡಿ ಅಂತಿದ್ದೆ. ಅವಳ ಹಳೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ, ಮರುಪರೀಕ್ಷೆಯ ಅರ್ಜಿ ಅಲ್ಲಿಂದಲೇ ಹೋಗೋದು, ಅವಳ ವರ್ಷದ ಪಠ್ಯಕ್ರಮವೇ ಈಗಲೂ ಇದೆಯಾ ಅಂತಲೂ ಅವರೇ ಹೇಳ್ತಾರೆ.

ಸೀಮೆಸುಣ್ಣ
ಇದನ್ನು ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ: ಮಾಧ್ಯಮ ನೋಡಿ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದೆ, ಕೋಡ್ 208. ಅದನ್ನು ನೋಡಿ ಎಲ್ಲವೂ ಕನ್ನಡದಲ್ಲೇ ಇರುತ್ತದೆ ಅಂದುಕೊಳ್ಳುವವರಿದ್ದಾರೆ. ತಂಗಿ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ, ಆರಿಸಿಕೊಳ್ಳುವ ಒಂದೊಂದು ವಿಷಯದ ಪುಸ್ತಕವೂ ಪ್ರಶ್ನೆಪತ್ರಿಕೆಯೂ ಅವಳು ಓದಬಲ್ಲ ಭಾಷೆಯಲ್ಲಿ ಸಿಗುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ಪ್ರಾದೇಶಿಕ ಕೇಂದ್ರದಲ್ಲಿ ಖಚಿತ ಮಾಡಿಕೊಳ್ಳಿ. "ಸುಲಭದ ವಿಷಯ" ಅಂತ ತೆಗೆದುಕೊಂಡ ಮನೋವಿಜ್ಞಾನ ಇಂಗ್ಲಿಷ್ ಪುಸ್ತಕವಾಗಿ ಮನೆಗೆ ಬಂದರೆ ಗಣಿತವೇ ವಾಸಿ ಅನ್ನಿಸುತ್ತದೆ.

ಬುಲೆಟ್ ಬಸ್ಯ
ಗೃಹ ವಿಜ್ಞಾನ ಆದ್ರೂ ಸುಲಭ ಅಲ್ವಾ ಮೇಡಂ, ಹೆಣ್ಮಕ್ಕಳಿಗೆ ಗೊತ್ತಿರೋದೇ.

ಸುಮ್ನೆ ಸುಮ
ನಾನು ಮೊದಲ ಸಲ ಫೇಲಾಗಿದ್ದು ಅದರಲ್ಲೇ ಬಸ್ಯಣ್ಣ. ಅಡುಗೆ ಮಾಡೋಕೆ ಬಂದ ಮಾತ್ರಕ್ಕೆ ಪೋಷಕಾಂಶದ ಪಟ್ಟಿ ಬರೆಯೋಕೆ ಬರಲ್ಲ. ಅದರಲ್ಲಿ ಪ್ರಾಕ್ಟಿಕಲ್ ಬೇರೆ ಇದೆ, ಥಿಯರಿ ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಪ್ರಾಕ್ಟಿಕಲ್ ದಿನ ಕೆಲಸಕ್ಕೆ ರಜೆ ಸಿಗಲಿಲ್ಲ ಅಂದ್ರೆ ಥಿಯರಿ ಎಷ್ಟು ಚೆನ್ನಾಗಿ ಬರೆದರೂ ಆ ವಿಷಯ ಬಾಕಿ.

ರಾತ್ರಿಪಾಳಿ
ಎಲ್ಲರಿಗೂ ಧನ್ಯವಾದ. ತಂಗಿಗೆ ಪೂರ್ತಿ ಓದಿ ಹೇಳಿದೆ. ಅವಳು ವಿಜ್ಞಾನ ಆದ್ರೆ ಬರೀತೀನಿ, ಗಣಿತ ಮಾತ್ರ ಬೇಡ ಅಂತಿದ್ದಾಳೆ. ಡಿಪ್ಲೊಮಾಗೆ ಗಣಿತ ಬೇಕು ಅಂದ್ರೂ ಸುಮ್ಮನಿದ್ದಾಳೆ, ಇನ್ನೂ ಯೋಚ್ನೆ ಮಾಡಲಿ. ಮೇಷ್ಟ್ರೇ, ಒಂದು ವೇಳೆ ಈಗ ಗಣಿತ ಬಿಟ್ಟು ಪಾಸಾಗಿ, ಆಮೇಲೆ ಬೇಕು ಅನ್ನಿಸಿದ್ರೆ ಗಣಿತ ಒಂದೇ ಬರೆಯೋಕೆ ಆಗುತ್ತಾ? ಇನ್ನೊಂದು, ಅವಳ ಹಳೇ ಮಾರ್ಕ್ಸ್ ಕಾರ್ಡ್ ಮನೆ ಬದಲಾಯಿಸಿದಾಗ ಕಳೆದುಹೋಗಿದೆ, ಜೆರಾಕ್ಸ್ ಇದೆ.

ಕೇಂದ್ರದ ಮೇಷ್ಟ್ರು
ಐದರ ಮೇಲೆ ಇನ್ನೂ ಎರಡು ವಿಷಯ ಹೆಚ್ಚುವರಿಯಾಗಿ ತಗೊಳ್ಳೋ ಅವಕಾಶ ಇದೆ. ಹಾಗಾಗಿ ಈಗಲೇ ಗಣಿತವನ್ನ ಆರನೆಯದಾಗಿ ಹಾಕಿಸಿಟ್ಟರೆ ಫೇಲಾದರೂ ಸರ್ಟಿಫಿಕೇಟ್‌ಗೆ ಅಡ್ಡಿ ಇಲ್ಲ, ಐದು ಪಾಸಾದರೆ ಸಾಕು. ಅವಳಿಗೆ ಈ ಲೆಕ್ಕ ಹೇಳಿ ನೋಡಿ, ಭಯ ಸ್ವಲ್ಪ ಇಳಿಯಬಹುದು. ಡಿಪ್ಲೊಮಾ ಸೇರಿಸಿಕೊಳ್ಳೋರು ಹೆಚ್ಚುವರಿ ವಿಷಯವನ್ನ ಹೇಗೆ ಲೆಕ್ಕಕ್ಕೆ ಹಿಡೀತಾರೆ ಅಂತ ಆ ಕಾಲೇಜಿನಲ್ಲೇ ಕೇಳಿ.

ಜೆರಾಕ್ಸ್ ನಂಬಿಕೊಂಡು ವರ್ಗಾವಣೆಗೆ ಅರ್ಜಿ ಹಾಕಬೇಡಿ, ಮೂಲ ಅಂಕಪಟ್ಟಿ ಕೇಳ್ತಾರೆ. ಹಳೇ ಶಾಲೆಯ ಮೂಲಕ ಬೋರ್ಡಿಗೆ ಬರೆದು ಅಂಕಪಟ್ಟಿಯ ಎರಡನೇ ಪ್ರತಿ ತರಿಸಿ, ಅದಕ್ಕೆ ಸಮಯ ಹಿಡಿಯುತ್ತೆ. ಜೆರಾಕ್ಸ್‌ನಲ್ಲಿರೋ ನೋಂದಣಿ ಸಂಖ್ಯೆ ಆ ಅರ್ಜಿಗೆ ಬೇಕಾಗುತ್ತೆ, ಎತ್ತಿಡಿ. ಅವಳ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲೂ ಅದರಲ್ಲೂ ಒಂದೇ ಥರ ಇದೆಯಾ ಅಂತ ಇವತ್ತೇ ಹೋಲಿಸಿ ನೋಡಿ.

ರಾತ್ರಿಪಾಳಿ
ನೋಡಿದೆ ಸರ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಲ್ಲಿ ಮುಂದೆ ಇದೆ. ಇದು ತೊಂದರೆ ಆಗುತ್ತಾ?